ಕೆಲಸ ಯಾರದು, ಬಿಟ್ಟುಹೋಗುವುದು ಹೇಗೆ: ಎರಡು ಸಂಸ್ಥೆಗಳ ಒಡಂಬಡಿಕೆಯನ್ನು ಬರೆಯುವ ಬಗೆ

(ಗ್ರಂಥಪಾಲಕರು ಹಾಗೂ ಶಿಕ್ಷಣ ಸಂಸ್ಥೆಗಳ ಆಡಳಿತ ಮಂಡಳಿಯವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಸಂಸ್ಥೆಗಳು ಮಾಡಿಕೊಳ್ಳುವ ಒಡಂಬಡಿಕೆಗಳು ನೂರು ಬಗೆಯವು. ಎಲ್ಲವನ್ನೂ ಮುಟ್ಟಲು ಹೋದರೆ ಯಾವುದೂ ಕೈಗೆ ಸಿಗುವುದಿಲ್ಲವಾದ್ದರಿಂದ ಇವತ್ತು ಒಂದೇ ಬಗೆಯದನ್ನು ಹಿಡಿದುಕೊಳ್ಳುತ್ತೇನೆ. ಒಂದು ವಿದ್ಯಾಸಂಸ್ಥೆಯ ಟ್ರಸ್ಟಿನ ಬಳಿ ನಾನೂರು ತಾಳೆಗರಿ ಕಟ್ಟುಗಳಿವೆ ಎಂದು ಇಟ್ಟುಕೊಳ್ಳಿ. ಒಂದು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ವಿಭಾಗವು ಅವುಗಳ ಛಾಯಾಚಿತ್ರ ತೆಗೆದು, ವಿವರಣಾತ್ಮಕ ಸೂಚಿಯನ್ನು ಸಿದ್ಧಪಡಿಸಿ, ಜಾಲತಾಣದಲ್ಲಿ ಓದುಗರಿಗೆ ಒದಗಿಸಲು ಮುಂದೆ ಬಂದಿದೆ. ಟ್ರಸ್ಟು, ವಿಶ್ವವಿದ್ಯಾಲಯ, ಕಟ್ಟುಗಳು ಎಲ್ಲವೂ ನಾನು ವಿವರಣೆಗಾಗಿ ಕಟ್ಟಿಕೊಂಡ ಉದಾಹರಣೆ. ಆದರೆ ಇದರಲ್ಲಿ ಬರುವ ತೊಡಕುಗಳು ಇಂತಹ ಕಾಗದಗಳನ್ನು ಓದುವವರಿಗೆಲ್ಲ ಪರಿಚಿತವಾದವು.

ಇಂತಹ ಒಡಂಬಡಿಕೆಯ ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ಕಾಣುವ ವಾಕ್ಯ ಹೀಗಿರುತ್ತದೆ: "ಉಭಯ ಸಂಸ್ಥೆಗಳು ಪರಸ್ಪರ ಸಹಕಾರದಿಂದ ಹಸ್ತಪ್ರತಿಗಳ ಸಂರಕ್ಷಣೆ ಹಾಗೂ ಡಿಜಿಟಲೀಕರಣವನ್ನು ಕೈಗೊಳ್ಳತಕ್ಕದ್ದು ಮತ್ತು ಅಗತ್ಯ ನೆರವನ್ನು ಒದಗಿಸಲಾಗುವುದು." ಸಹಿ ಹಾಕುವ ದಿನ ಈ ವಾಕ್ಯಕ್ಕೆ ಯಾರೂ ಆಕ್ಷೇಪ ಎತ್ತುವುದಿಲ್ಲ, ಏಕೆಂದರೆ ಪ್ರತಿಯೊಬ್ಬರೂ ಅದರಲ್ಲಿ ತಮಗೆ ಬೇಕಾದ ಅರ್ಥವನ್ನೇ ಓದಿಕೊಂಡಿರುತ್ತಾರೆ. ಗರಿಗಳ ಮೇಲಿನ ಧೂಳು ತೆಗೆದು, ಲೆಮನ್ ಗ್ರಾಸ್ ಎಣ್ಣೆ ಸವರಿ, ಛಾಯಾಗ್ರಹಣಕ್ಕೆ ಸಿದ್ಧಪಡಿಸುವ ಕೆಲಸ ವಿಶ್ವವಿದ್ಯಾಲಯದ್ದು ಎಂದು ಟ್ರಸ್ಟಿನವರು ತಿಳಿದಿರುತ್ತಾರೆ. ಕಟ್ಟುಗಳು ಶುಚಿಯಾಗಿಯೇ ಬರುತ್ತವೆ ಎಂದು ವಿಭಾಗದವರು ತಿಳಿದಿರುತ್ತಾರೆ. ತಂತ್ರಜ್ಞರು ಕ್ಯಾಮೆರಾ ಹೊತ್ತು ಬಂದು ಕಟ್ಟು ಬಿಚ್ಚಿದಾಗ ಗರಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆಗ ಎರಡೂ ಕಡೆಯವರು ಮೇಲಿನ ವಾಕ್ಯವನ್ನು ತೆಗೆದು ತೋರಿಸುತ್ತಾರೆ, ಮತ್ತು ವಾಕ್ಯ ಇಬ್ಬರ ಪರವಾಗಿಯೂ ಸಾಕ್ಷಿ ನುಡಿಯುತ್ತದೆ.

ಕಾನೂನು ಇಂತಹ ವಾಕ್ಯದ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. 1872ರ ಭಾರತೀಯ ಕರಾರು ಅಧಿನಿಯಮದ 29ನೇ ಕಲಮಿನ ಪ್ರಕಾರ, ಅರ್ಥ ನಿಶ್ಚಿತವಿಲ್ಲದ ಮತ್ತು ನಿಶ್ಚಯಪಡಿಸಿಕೊಳ್ಳಲು ಸಾಧ್ಯವೂ ಇಲ್ಲದ ಒಪ್ಪಂದ ಶೂನ್ಯ. ಅಧಿನಿಯಮವೇ ಕೊಡುವ ಉದಾಹರಣೆಯಲ್ಲಿ ಒಬ್ಬನು ಇನ್ನೊಬ್ಬನಿಗೆ ನೂರು ಟನ್ ಎಣ್ಣೆ ಮಾರಲು ಒಪ್ಪುತ್ತಾನೆ. ಯಾವ ಎಣ್ಣೆ ಎಂದು ತಿಳಿಯಲು ಏನೂ ಇಲ್ಲದಿದ್ದರೆ ಆ ಒಪ್ಪಂದ ನಿಲ್ಲದು. ಅದೇ ಮಾರುವವನು ಕೊಬ್ಬರಿ ಎಣ್ಣೆಯನ್ನು ಮಾತ್ರ ಮಾರುವ ವ್ಯಾಪಾರಿಯಾಗಿದ್ದರೆ ಅವನ ಉದ್ಯೋಗವೇ ಅರ್ಥವನ್ನು ನಿಶ್ಚಯಿಸುತ್ತದೆ. ನಮ್ಮ ಕರಡಿನ "ಅಗತ್ಯ ನೆರವು" ಮೊದಲನೆಯ ಎಣ್ಣೆಯ ಜಾತಿಗೆ ಸೇರಿದ್ದು.

ಪಾತ್ರಗಳನ್ನು ಬರೆಯುವ ಮುನ್ನ ಪಾತ್ರಧಾರಿಗಳು ಯಾರು ಎಂಬುದು ತೀರ್ಮಾನವಾಗಬೇಕು. ಒಡಂಬಡಿಕೆಯ ಮೊದಲ ಪುಟದಲ್ಲಿ "ಕನ್ನಡ ಅಧ್ಯಯನ ವಿಭಾಗ" ಎಂದು ಬರೆದು ವಿಭಾಗದ ಮುಖ್ಯಸ್ಥರು ಸಹಿ ಹಾಕುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ವಿಭಾಗಕ್ಕೆ ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕ ವ್ಯಕ್ತಿತ್ವವಿಲ್ಲ. ಪಕ್ಷಕಾರ ಎಂದರೆ ವಿಶ್ವವಿದ್ಯಾಲಯ. ಅದರ ಪರವಾಗಿ ಸಹಿ ಹಾಕುವ ಅಧಿಕಾರ ಇರುವವರು, ಸಾಮಾನ್ಯವಾಗಿ ಕುಲಸಚಿವರು, ಸಹಿ ಹಾಕಬೇಕು. ವಿಭಾಗವನ್ನು ಕೆಲಸ ನಿರ್ವಹಿಸುವ ಘಟಕವೆಂದು ಒಳಗೆ ಹೆಸರಿಸಿದರೆ ಸಾಕು. ಟ್ರಸ್ಟಿನ ಕಡೆಯೂ ಅಷ್ಟೇ: ಕಾಲೇಜಿನ ಪ್ರಾಂಶುಪಾಲರು ಟ್ರಸ್ಟಿನ ಆಸ್ತಿಯ ಬಗ್ಗೆ ಮಾತು ಕೊಡಲಾರರು. ಟ್ರಸ್ಟಿನ ಆಡಳಿತ ಮಂಡಳಿಯು ಯಾರಿಗೆ ಸಹಿ ಮಾಡುವ ಅಧಿಕಾರ ನೀಡಿದೆ ಎಂಬ ನಿರ್ಣಯದ ಸಂಖ್ಯೆ ಮತ್ತು ದಿನಾಂಕ ಒಡಂಬಡಿಕೆಯಲ್ಲೇ ಇರಬೇಕು.

ಇದರ ಜೊತೆಗೆ ನಮ್ಮ ಕಚೇರಿ ಕನ್ನಡದ ಒಂದು ಚಾಳಿಯನ್ನು ಇಲ್ಲಿ ಕೈಬಿಡಬೇಕಾಗುತ್ತದೆ. "ಸದರಿ ಸಂಸ್ಥೆಯು" ಎಂಬ ಪ್ರಯೋಗ ಆದೇಶಗಳಲ್ಲಿ ನಡೆಯುತ್ತದೆ, ಏಕೆಂದರೆ ಅಲ್ಲಿ ಸಂಸ್ಥೆ ಒಂದೇ ಇರುತ್ತದೆ. ಎರಡು ಸಂಸ್ಥೆಗಳಿರುವ ಕಾಗದದಲ್ಲಿ "ಸದರಿ", "ಮೇಲ್ಕಂಡ", "ಅವರು" ಎಂಬ ಪದಗಳು ಯಾರತ್ತ ಬೆರಳು ಮಾಡುತ್ತಿವೆ ಎಂದು ಮೂರನೆಯವರು ಹೇಳಲಾರರು. ಮೊದಲ ಪುಟದಲ್ಲೇ ಒಬ್ಬರನ್ನು "ಟ್ರಸ್ಟು" ಎಂದೂ ಇನ್ನೊಬ್ಬರನ್ನು "ವಿಶ್ವವಿದ್ಯಾಲಯ" ಎಂದೂ ಗೊತ್ತುಮಾಡಿ, ಕೊನೆಯ ಪುಟದವರೆಗೂ ಅದೇ ಎರಡು ಹೆಸರುಗಳನ್ನು ಬೇಸರವಿಲ್ಲದೆ ಬಳಸಬೇಕು. ಒಂದೇ ಹೆಸರು ಮತ್ತೆ ಮತ್ತೆ ಬಂದು ಓದಲು ಒರಟಾಗುತ್ತದೆ, ನಿಜ. ಆದರೆ ಇದು ಸೊಗಸಿಗಾಗಿ ಓದುವ ಬರಹವಲ್ಲ.

ಕ್ರಿಯಾಪದದ ಮಾತು ಇನ್ನೂ ಮುಖ್ಯವಾದದ್ದು. "ಮಾಡಲಾಗುವುದು", "ಒದಗಿಸಲಾಗುವುದು" ಎಂಬ ರೂಪದಲ್ಲಿ ಮಾಡುವವನು ಮರೆಯಾಗುತ್ತಾನೆ. ಕನ್ನಡದಲ್ಲಿ ಕರ್ತೃಪದವಿಲ್ಲದೆಯೂ ವಾಕ್ಯ ಪೂರ್ಣವಾಗುವುದರಿಂದ ಓದುವಾಗ ಏನೋ ಕೊರತೆಯಿದೆ ಎಂದು ಅನ್ನಿಸುವುದೂ ಇಲ್ಲ. ಹಾಗಾಗಿ ಕರಡನ್ನು ಪರಿಶೀಲಿಸುವಾಗ ನಾನು ಮೊದಲು ಮಾಡುವ ಕೆಲಸವೆಂದರೆ "ಲಾಗುವುದು" ಎಂದು ಮುಗಿಯುವ ವಾಕ್ಯಗಳಿಗೆಲ್ಲ ಗೆರೆ ಹಾಕಿ, ಪ್ರತಿಯೊಂದಕ್ಕೂ "ಯಾರಿಂದ?" ಎಂದು ಕೇಳುವುದು. ಕಡ್ಡಾಯಕ್ಕೆ "ತಕ್ಕದ್ದು" ಎಂಬುದನ್ನೂ ಐಚ್ಛಿಕಕ್ಕೆ "ಬಹುದು" ಎಂಬುದನ್ನೂ ಮಾತ್ರ ಬಳಸಬೇಕು; "ಶ್ರಮಿಸುವುದು", "ಪ್ರಯತ್ನಿಸುವುದು", "ಕ್ರಮ ವಹಿಸುವುದು" ಎಂಬವು ಎರಡಕ್ಕೂ ನಡುವೆ ತೂಗಾಡುವಂಥವು.

ಹೀಗೆ ಶುದ್ಧಗೊಳಿಸಿದರೂ ಒಂದು ಕೊರತೆ ಉಳಿಯುತ್ತದೆ. ಹೆಚ್ಚಿನವರು "ಟ್ರಸ್ಟಿನ ಹೊಣೆಗಳು", "ವಿಶ್ವವಿದ್ಯಾಲಯದ ಹೊಣೆಗಳು" ಎಂದು ಎರಡು ಪಟ್ಟಿಗಳನ್ನು ಮಾಡುತ್ತಾರೆ. ಈ ಪಟ್ಟಿಗಳಲ್ಲಿ ಬಿಟ್ಟುಹೋಗುವುದು ಎರಡು ಹೊಣೆಗಳ ನಡುವಿನ ಜಾಗ, ಅಂದರೆ ಕಟ್ಟು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಗಳಿಗೆ. ಅದರ ಬದಲು ಒಂದು ಕಟ್ಟು ಬೀರುವಿನಿಂದ ಹೊರಬಂದು ಮತ್ತೆ ಬೀರುವಿಗೆ ಸೇರುವವರೆಗಿನ ದಾರಿಯನ್ನು ಹಿಡಿದು, ಹೆಜ್ಜೆಗೊಂದು ವಾಕ್ಯದಂತೆ ಬರೆಯುವುದು ಒಳ್ಳೆಯದು. ನಮ್ಮ ಉದಾಹರಣೆಗೆ ಆ ಭಾಗ ಹೀಗೆ ಬರುತ್ತದೆ:

"ಟ್ರಸ್ಟಿನ ಗ್ರಂಥಪಾಲಕರು ಒಂದು ಬಾರಿಗೆ ಹತ್ತಕ್ಕೆ ಮೀರದಷ್ಟು ಕಟ್ಟುಗಳನ್ನು ಟ್ರಸ್ಟಿನ ಕಟ್ಟಡದಲ್ಲಿ ವಿಶ್ವವಿದ್ಯಾಲಯದ ಯೋಜನಾ ಸಂಯೋಜಕರಿಗೆ ಒಪ್ಪಿಸತಕ್ಕದ್ದು. ಒಪ್ಪಿಸುವ ಮುನ್ನ ಇಬ್ಬರೂ ಸೇರಿ ಪ್ರತಿ ಕಟ್ಟಿನ ಗರಿಗಳನ್ನು ಎಣಿಸಿ, ಮುರಿದ, ಹುಳು ತಿಂದ ಹಾಗೂ ಅಂಟಿಕೊಂಡ ಗರಿಗಳ ವಿವರವನ್ನು ಅನುಬಂಧ 2ರ ನಮೂನೆಯಲ್ಲಿ ಬರೆದು ಸಹಿ ಮಾಡತಕ್ಕದ್ದು. ಗರಿಗಳನ್ನು ಶುಚಿಗೊಳಿಸುವ ಕೆಲಸವನ್ನು ಹಾಗೂ ಅದರ ವೆಚ್ಚವನ್ನು ವಿಶ್ವವಿದ್ಯಾಲಯವು ವಹಿಸಿಕೊಳ್ಳತಕ್ಕದ್ದು. ಅಂಟಿಕೊಂಡ ಗರಿಗಳನ್ನು ಟ್ರಸ್ಟಿನ ಲಿಖಿತ ಒಪ್ಪಿಗೆಯಿಲ್ಲದೆ ವಿಶ್ವವಿದ್ಯಾಲಯವು ಬಿಡಿಸತಕ್ಕದ್ದಲ್ಲ. ಕಟ್ಟುಗಳನ್ನು ಟ್ರಸ್ಟಿನ ಕಟ್ಟಡದಿಂದ ಹೊರಗೆ ಒಯ್ಯತಕ್ಕದ್ದಲ್ಲ. ಒಪ್ಪಿಸಿದ ದಿನದಿಂದ 21 ದಿನಗಳೊಳಗೆ ಯೋಜನಾ ಸಂಯೋಜಕರು ಕಟ್ಟುಗಳನ್ನು ಗ್ರಂಥಪಾಲಕರಿಗೆ ಹಿಂದಿರುಗಿಸತಕ್ಕದ್ದು. ಅದೇ ನಮೂನೆಯಲ್ಲಿ ಮರು ಎಣಿಕೆ ಮಾಡಿ ಇಬ್ಬರೂ ಸಹಿ ಮಾಡುವವರೆಗೆ ಹಿಂದಿರುಗಿಸಿದಂತೆ ಆಗತಕ್ಕದ್ದಲ್ಲ."

ಈ ಭಾಗದಲ್ಲಿ ವ್ಯಕ್ತಿಗಳ ಹೆಸರುಗಳಿಲ್ಲ, ಹುದ್ದೆಗಳಿವೆ. ಯೋಜನಾ ಸಂಯೋಜಕರು ವರ್ಗವಾದರೂ ನಿವೃತ್ತರಾದರೂ ವಾಕ್ಯ ನಿಲ್ಲುತ್ತದೆ. ಕೊನೆಯ ಸಾಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಒಬ್ಬರ ವಸ್ತುವನ್ನು ಇನ್ನೊಬ್ಬರು ಒಂದು ಉದ್ದೇಶಕ್ಕಾಗಿ ಪಡೆದು, ಉದ್ದೇಶ ತೀರಿದ ಮೇಲೆ ಹಿಂದಿರುಗಿಸಬೇಕಾದ ಸಂಬಂಧಕ್ಕೆ ಕರಾರು ಅಧಿನಿಯಮವು 148ನೇ ಕಲಮಿನಿಂದ ಮುಂದಕ್ಕೆ ನಿಯಮಗಳನ್ನು ಹಾಕಿಕೊಟ್ಟಿದೆ. ಒಡಂಬಡಿಕೆ ಮೌನವಾಗಿದ್ದರೆ ಅವೇ ಅನ್ವಯಿಸುತ್ತವೆ. 151ನೇ ಕಲಮಿನಂತೆ, ಪಡೆದವರು ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನದೇ ಅಂಥ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರ ವಹಿಸಿದರೆ ಸಾಕು. ಅಷ್ಟು ಎಚ್ಚರ ವಹಿಸಿಯೂ ವಸ್ತು ಹಾಳಾದರೆ, ವಿಶೇಷ ಕರಾರು ಇಲ್ಲದಿದ್ದಲ್ಲಿ, ಅವರು ಹೊಣೆಗಾರರಲ್ಲ ಎಂದು 152ನೇ ಕಲಮು ಹೇಳುತ್ತದೆ. ಅಂಗಡಿಯ ಸರಕಿಗೆ ಈ ಮಟ್ಟ ಸಾಕು. ಜಗತ್ತಿನಲ್ಲಿ ಇರುವುದು ಅದೊಂದೇ ಪ್ರತಿ ಎಂಬಂಥ ಕಟ್ಟಿಗೆ ಸಾಲದು. ಆದ್ದರಿಂದ ಟ್ರಸ್ಟು ತನಗೆ ಬೇಕಾದ ಎಚ್ಚರದ ಮಟ್ಟವನ್ನು, ಉದಾಹರಣೆಗೆ ಕೋಣೆಯಲ್ಲಿ ನೀರು, ಆಹಾರ ಇರಕೂಡದು, ಒಂದು ಮೇಜಿನ ಮೇಲೆ ಒಂದೇ ಕಟ್ಟು ಬಿಚ್ಚಬೇಕು, ಕೆಲಸ ಮುಗಿದ ಸಂಜೆ ಕಟ್ಟು ಬೀರುವಿಗೆ ಹೋಗಬೇಕು ಎಂಬುದನ್ನು, ಬರೆದೇ ಪಡೆಯಬೇಕು. ಬರೆಯದೆ ಬಿಟ್ಟ ಜಾಗವನ್ನು ಕಾನೂನು ತುಂಬುತ್ತದೆ, ಮತ್ತು ಅದು ತುಂಬುವುದು ನಿಮ್ಮ ಅಳತೆಗೆ ಹೊಲಿದದ್ದನ್ನಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: ಇದು ಬರೀ ತಿಳಿವಳಿಕೆಯ ಪತ್ರವಲ್ಲವೇ, ಕಾನೂನಿನ ಬಂಧನ ಎಲ್ಲಿಂದ ಬಂತು? ಕಾಗದದ ತಲೆಬರಹ ಏನಿದೆ ಎಂಬುದರಿಂದ ಅದು ತೀರ್ಮಾನವಾಗುವುದಿಲ್ಲ. ಒಳಗಿನ ಮಾತುಗಳು ಮತ್ತು ಪಕ್ಷಕಾರರ ಉದ್ದೇಶದಿಂದ ತೀರ್ಮಾನವಾಗುತ್ತದೆ. ಕೆಲವು ಕಾಗದಗಳಲ್ಲಿ ಆರಂಭದಲ್ಲಿ "ಇದು ಕಾನೂನಾತ್ಮಕವಾಗಿ ಬಂಧಕವಲ್ಲ" ಎಂದಿದ್ದು, ಕೊನೆಯಲ್ಲಿ ನಷ್ಟ ಪರಿಹಾರದ ಷರತ್ತು ಇರುತ್ತದೆ. ಇದಕ್ಕಿಂತ ದೊಡ್ಡ ಗೊಂದಲವಿಲ್ಲ. ಯಾವ ಖಂಡಿಕೆಗಳು ಬಂಧಕ, ಯಾವುವು ಆಶಯ ಮಾತ್ರ ಎಂದು ಸಂಖ್ಯೆ ಸಹಿತ ಒಂದು ಸಾಲು ಬರೆದುಬಿಡಬಹುದು. ಕಟ್ಟುಗಳ ಸುರಕ್ಷೆ, ಪ್ರತಿಗಳ ಹಕ್ಕು, ಹಣ ಮತ್ತು ಮುಕ್ತಾಯದ ಪರಿಣಾಮಗಳು ಬಂಧಕ. ಮುಂದೆ ಜಂಟಿ ವಿಚಾರಸಂಕಿರಣ ನಡೆಸುವ, ಪುಸ್ತಕ ತರುವ ಮಾತುಗಳು ಆಶಯ.

ಈಗ ಬಿಟ್ಟುಹೋಗುವ ದಾರಿ. ಒಡಂಬಡಿಕೆಗಳಲ್ಲಿ ಇದಕ್ಕೆ ಸಿಗುವುದು ಒಂದು ವಾಕ್ಯ: "ಮೂರು ತಿಂಗಳ ಮುಂಚಿತ ನೋಟಿಸು ನೀಡಿ ಯಾವುದೇ ಪಕ್ಷಕಾರರು ಒಡಂಬಡಿಕೆಯನ್ನು ರದ್ದುಪಡಿಸಬಹುದು." ಮದುವೆಯ ಮಾತುಕತೆಯಲ್ಲಿ ಬೇರೆಯಾಗುವ ಮಾತೇಕೆ ಎಂಬ ಸಂಕೋಚ ಇದರ ಹಿಂದಿರುತ್ತದೆ.

ಆ ವಾಕ್ಯವನ್ನು ಒಂದು ಕ್ಯಾಲೆಂಡರಿನ ಮೇಲೆ ಇಟ್ಟು ನೋಡೋಣ. ವಿಶ್ವವಿದ್ಯಾಲಯವು 2026ರ ನವೆಂಬರ್ 20ರ ದಿನಾಂಕ ಹಾಕಿ ನೋಟಿಸು ಬರೆಯಿತು. ಕಡತ ಸಹಿಗೆ ಹೋಗಿ, ರವಾನೆ ವಿಭಾಗಕ್ಕೆ ಇಳಿದು, ಸ್ಪೀಡ್ ಪೋಸ್ಟಿನಲ್ಲಿ ಹೊರಟು, ಟ್ರಸ್ಟಿನ ಕೈಗೆ ಡಿಸೆಂಬರ್ 4ರಂದು ಸೇರಿತು. ಪತ್ರದ ದಿನಾಂಕದಿಂದ ಮೂರು ತಿಂಗಳು ಎಣಿಸಿದರೆ ಒಡಂಬಡಿಕೆ 2027ರ ಫೆಬ್ರವರಿ 20ಕ್ಕೆ ಮುಗಿಯುತ್ತದೆ. ತೊಂಬತ್ತು ದಿನ ಎಂದು ಎಣಿಸಿದರೆ ಫೆಬ್ರವರಿ 18ಕ್ಕೆ. ತಲುಪಿದ ಮರುದಿನದಿಂದ ತೊಂಬತ್ತು ದಿನ ಎಣಿಸಿದರೆ ಮಾರ್ಚ್ 4ಕ್ಕೆ. ಎರಡು ವಾರದ ವ್ಯತ್ಯಾಸ ದೊಡ್ಡದಲ್ಲ ಎನ್ನಿಸಬಹುದು. ಆದರೆ ಯೋಜನೆಯ ಅನುದಾನವನ್ನು ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡಬೇಕಿದ್ದರೆ, ಗುತ್ತಿಗೆಯ ಮೇಲಿರುವ ತಂತ್ರಜ್ಞರ ಸಂಬಳ ಯಾವ ದಿನದವರೆಗೆ ಯೋಜನೆಯ ಲೆಕ್ಕಕ್ಕೆ ಸೇರುತ್ತದೆ ಎಂಬುದು ಲೆಕ್ಕಪರಿಶೋಧಕರು ಕೇಳುವ ಮೊದಲ ಪ್ರಶ್ನೆಯಾಗುತ್ತದೆ. ಆದ್ದರಿಂದ ಹೀಗೆ ಬರೆಯಬೇಕು: "ನೋಟಿಸು ಖಂಡಿಕೆ 14ರಲ್ಲಿ ಹೇಳಿದ ವಿಳಾಸಕ್ಕೆ ತಲುಪಿದ ದಿನವನ್ನು ಬಿಟ್ಟು, ಮರುದಿನವನ್ನು ಒಂದನೆಯ ದಿನವೆಂದು ಎಣಿಸಿ, ತೊಂಬತ್ತನೆಯ ದಿನದ ಕೊನೆಗೆ ಈ ಒಡಂಬಡಿಕೆ ಮುಕ್ತಾಯವಾಗತಕ್ಕದ್ದು." ವಿಳಾಸದ ಜೊತೆ ಇಮೇಲ್ ಸಾಕೇ, ಅಂಚೆಯೂ ಬೇಕೇ ಎಂಬುದನ್ನೂ ಹೇಳಿ. ನನ್ನ ಅಭಿಪ್ರಾಯದಲ್ಲಿ ದಿನನಿತ್ಯದ ಪತ್ರಗಳಿಗೆ ಇಮೇಲ್ ಸಾಕು. ಮುಕ್ತಾಯದ ನೋಟಿಸಿಗೆ ಅಂಚೆಯೋ ಮುದ್ದಾಂ ತಲುಪಿಸಿ ಪಡೆದ ಸ್ವೀಕೃತಿಯೋ ಇರಲೇಬೇಕು.

ಕಾರಣ ಹೇಳದೆ ಬಿಡುವ ದಾರಿ ಇದಾಯಿತು. ತಪ್ಪಿನ ಕಾರಣಕ್ಕೆ ಬಿಡುವ ದಾರಿಯನ್ನು ಬೇರೆಯಾಗಿ ಬರೆಯಬೇಕು, ಏಕೆಂದರೆ ಅದರ ವೇಗ ಬೇರೆ. ಕಟ್ಟುಗಳನ್ನು ಕಟ್ಟಡದಿಂದ ಹೊರಗೆ ಒಯ್ದರೆ ತೊಂಬತ್ತು ದಿನ ಕಾಯುತ್ತ ಕೂರಲಾಗದು. ಟ್ರಸ್ಟು ಕೂಡಲೇ ಕೆಲಸ ನಿಲ್ಲಿಸಬಹುದು ಎಂದಿರಬೇಕು. ತ್ರೈಮಾಸಿಕ ವರದಿ ಬರಲಿಲ್ಲ ಎಂಬಂತಹ ತಪ್ಪಿಗೆ, ಸರಿಪಡಿಸಲು ಮೂವತ್ತು ದಿನ ಕೊಟ್ಟು, ಆಗದಿದ್ದರೆ ಮಾತ್ರ ಮುಕ್ತಾಯ. ಎರಡಕ್ಕೂ ಸೇರಿಸಿ "ಷರತ್ತುಗಳ ಗಂಭೀರ ಉಲ್ಲಂಘನೆಯಾದಲ್ಲಿ" ಎಂದು ಬರೆದರೆ ಗಂಭೀರ ಯಾವುದು ಎಂಬುದೇ ಜಗಳದ ವಿಷಯವಾಗುತ್ತದೆ. ಗಂಭೀರ ಎಂದು ನೀವು ಎಣಿಸುವ ಮೂರು ನಾಲ್ಕು ಸಂಗತಿಗಳನ್ನು ಹೆಸರಿಸಿ, ಉಳಿದದ್ದೆಲ್ಲ ಸರಿಪಡಿಸಬಹುದಾದದ್ದು ಎಂದುಬಿಡಿ.

ಆದರೆ ಹೆಚ್ಚಿನ ತಂಟೆ ಹುಟ್ಟುವುದು ಮುಕ್ತಾಯವಾದ ಮರುದಿನ. ಆ ದಿನ ನಾನೂರರಲ್ಲಿ ಇನ್ನೂರ ಐವತ್ತು ಕಟ್ಟುಗಳ ಕೆಲಸ ಮುಗಿದಿದೆ, ಆರು ಕಟ್ಟುಗಳು ಮೇಜಿನ ಮೇಲೆ ಬಿಚ್ಚಿಕೊಂಡಿವೆ, ಉಳಿದವನ್ನು ಮುಟ್ಟಿಯೇ ಇಲ್ಲ ಎಂದು ಭಾವಿಸಿ. ಬಿಚ್ಚಿದ ಆರು ಕಟ್ಟುಗಳ ಛಾಯಾಗ್ರಹಣವನ್ನು ಪೂರ್ತಿಗೊಳಿಸಿಯೇ ಹಿಂದಿರುಗಿಸಬೇಕೋ, ಇದ್ದಲ್ಲಿಗೆ ನಿಲ್ಲಿಸಿ ಹಿಂದಿರುಗಿಸಬೇಕೋ? ನಾನು ಮೊದಲನೆಯದರ ಪರ, ಏಕೆಂದರೆ ಗರಿಗಳನ್ನು ಎರಡನೆಯ ಬಾರಿ ಬಿಚ್ಚುವುದು ಗರಿಗಳಿಗೇ ಕೆಡುಕು. ನೋಟಿಸು ತಲುಪಿದ ಮೇಲೆ ಹೊಸ ಕಟ್ಟು ಒಪ್ಪಿಸತಕ್ಕದ್ದಲ್ಲ, ಒಪ್ಪಿಸಿದ್ದನ್ನು ನೋಟಿಸಿನ ಅವಧಿಯೊಳಗೆ ಮುಗಿಸತಕ್ಕದ್ದು ಎಂದು ಬರೆದರೆ ಮುಕ್ತಾಯದ ದಿನ ಮೇಜು ಖಾಲಿ ಇರುತ್ತದೆ.

ಚಿತ್ರಗಳ ವಿಚಾರ ಇದಕ್ಕಿಂತ ಸೂಕ್ಷ್ಮ. ಪ್ರತಿ ಗರಿಗೂ ಎರಡು ಬಗೆಯ ಕಡತಗಳಿರುತ್ತವೆ: ಸಂರಕ್ಷಣೆಗಾಗಿ ಇಡುವ ದೊಡ್ಡ ಟಿಫ್ ಕಡತ ಮತ್ತು ಓದುಗರಿಗೆ ತೋರಿಸುವ ಸಣ್ಣ ಜೆಪೆಗ್ ಅಥವಾ ಪಿಡಿಎಫ್. "ಡಿಜಿಟಲ್ ಪ್ರತಿಗಳನ್ನು ಟ್ರಸ್ಟಿಗೆ ಹಸ್ತಾಂತರಿಸತಕ್ಕದ್ದು" ಎಂದಷ್ಟೇ ಇದ್ದರೆ ವಿಶ್ವವಿದ್ಯಾಲಯ ಸಣ್ಣ ಕಡತಗಳನ್ನು ಕೊಟ್ಟೂ ಮಾತು ಉಳಿಸಿಕೊಂಡಂತಾಗುತ್ತದೆ. ಯಾವ ಕಡತ, ಎಷ್ಟು ಪ್ರತಿ, ಯಾರು ಕೊಂಡ ಹಾರ್ಡ್ ಡಿಸ್ಕಿನಲ್ಲಿ, ಯಾವ ಕಡತಹೆಸರಿನ ಕ್ರಮದಲ್ಲಿ ಎಂಬುದನ್ನು ಅನುಬಂಧದಲ್ಲಿ ಹೇಳಿ, ಜೊತೆಗೆ ಚೆಕ್‌ಸಮ್ ಪಟ್ಟಿಯನ್ನೂ ಕೇಳಬೇಕು. ಅದಿದ್ದರೆ ಕಡತ ನಕಲಾಗುವಾಗ ಕೆಟ್ಟಿದೆಯೇ ಎಂದು ಟ್ರಸ್ಟು ತಾನೇ ಪರೀಕ್ಷಿಸಿಕೊಳ್ಳಬಹುದು. ಈ ಹಸ್ತಾಂತರವನ್ನು ಕೊನೆಗೆ ಇಡದೆ ಪ್ರತಿ ಮೂರು ತಿಂಗಳಿಗೊಮ್ಮೆ ಎಂದು ಇಟ್ಟರೆ, ಸಂಬಂಧ ಕೆಟ್ಟು ಬಿಟ್ಟುಹೋಗುವ ಹೊತ್ತಿಗೆ ಬಾಕಿ ಉಳಿಯುವುದು ಒಂದು ತ್ರೈಮಾಸಿಕದ್ದು ಮಾತ್ರ.

ಶತಮಾನಗಳ ಹಿಂದಿನ ಕೃತಿಗಳಿಗೆ ಹಕ್ಕುಸ್ವಾಮ್ಯ ಉಳಿದಿರುವುದಿಲ್ಲ. ಆದರೆ ವಿಶ್ವವಿದ್ಯಾಲಯದ ಸಂಶೋಧಕರು ಬರೆದ ವಿವರಣಾತ್ಮಕ ಸೂಚಿ ಹೊಸ ಕೃತಿ; ಅದನ್ನು ಟ್ರಸ್ಟು ಅಚ್ಚು ಹಾಕಬೇಕಾದರೆ ಪರವಾನಗಿ ಬೇಕು. ಇಲ್ಲಿಯೂ ಮೌನಕ್ಕೆ ಬೆಲೆ ತೆರಬೇಕಾಗುತ್ತದೆ. 1957ರ ಹಕ್ಕುಸ್ವಾಮ್ಯ ಅಧಿನಿಯಮದ 19ನೇ ಕಲಮಿನಂತೆ, ಹಕ್ಕಿನ ವರ್ಗಾವಣೆಯ ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತದೊಳಗೆ ಮಾತ್ರವೆಂದೂ ಭಾವಿಸಲಾಗುತ್ತದೆ. 30ಎ ಕಲಮು ಆ ನಿಯಮಗಳನ್ನು ತಕ್ಕ ಮಾರ್ಪಾಡಿನೊಂದಿಗೆ ಪರವಾನಗಿಗೂ ಅನ್ವಯಿಸುತ್ತದೆ. ಹೊರದೇಶದ ಓದುಗರೂ ನೋಡುವ ಜಾಲತಾಣಕ್ಕೆ, ಶಾಶ್ವತವಾಗಿ ಇರಲಿ ಎಂದು ಮಾಡುವ ಸೂಚಿಗೆ ಈ ಎರಡು ಮಿತಿಗಳೂ ಒಗ್ಗುವುದಿಲ್ಲ. ಹಕ್ಕುಸ್ವಾಮ್ಯದ ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೆ ಅನ್ವಯಿಸುವಂತೆ, ಅನನ್ಯವಲ್ಲದ ಪರವಾನಗಿ ಎಂದು ಬರೆದು, ಅದು ಒಡಂಬಡಿಕೆ ಮುಗಿದರೂ ಮುಂದುವರಿಯುತ್ತದೆ ಎಂದು ಸೇರಿಸಬೇಕು. ಜಾಲತಾಣದಲ್ಲಿ ಈಗಾಗಲೇ ಇರುವ ಚಿತ್ರಗಳನ್ನು ಮುಕ್ತಾಯದ ನಂತರ ಇಳಿಸಬೇಕೋ, ಟ್ರಸ್ಟಿನ ಹೆಸರಿನೊಡನೆ ಹಾಗೆಯೇ ಇರಲು ಬಿಡಬೇಕೋ ಎಂಬುದು ಟ್ರಸ್ಟಿನ ಆಡಳಿತ ಮಂಡಳಿಯೇ ಸಹಿಗೆ ಮುನ್ನ ಚರ್ಚಿಸಿ ತೀರ್ಮಾನಿಸಬೇಕಾದದ್ದು. ವಕೀಲರು ಅದನ್ನು ಬರೆದುಕೊಡಬಲ್ಲರು, ತೀರ್ಮಾನಿಸಿ ಕೊಡಲಾರರು. ಅನುದಾನದಲ್ಲಿ ಕೊಂಡ ಕ್ಯಾಮೆರಾ, ದೀಪಗಳು ಯಾರಿಗೆ ಎಂಬುದು ಸಾಮಾನ್ಯವಾಗಿ ಅನುದಾನ ಮಂಜೂರಾತಿ ಪತ್ರದಲ್ಲೇ ಇರುತ್ತದೆ. ಒಡಂಬಡಿಕೆ ಅದಕ್ಕೆ ವಿರುದ್ಧವಾಗಿ ಮಾತನಾಡದಿದ್ದರೆ ಸಾಕು.

ಅವಧಿ ತಾನಾಗಿ ಮುಗಿಯುವುದೂ ಒಂದು ಬಗೆಯ ಬಿಡುಗಡೆಯೇ, ಮತ್ತು ಅದನ್ನು ಯಾರೂ ಗಮನಿಸುವುದಿಲ್ಲ. "ಪರಸ್ಪರ ಒಪ್ಪಿಗೆಯ ಮೇರೆಗೆ ನವೀಕರಿಸಬಹುದು" ಎಂದಿರುತ್ತದೆ, ಮೂರು ವರ್ಷ ಮುಗಿಯುತ್ತದೆ, ಕೆಲಸ ಮಾತ್ರ ಎಂದಿನಂತೆ ನಡೆದಿರುತ್ತದೆ. ಆ ನಡುವೆ ಒಂದು ಕಟ್ಟು ಹಾಳಾದರೆ ಯಾವ ಷರತ್ತು ಅನ್ವಯ? ಸಹಿ ಮಾಡಿದ ನವೀಕರಣ ಪತ್ರವಿಲ್ಲದೆ ಅವಧಿ ಮುಂದುವರಿಯುವುದಿಲ್ಲ, ಆದರೆ ಟ್ರಸ್ಟಿನ ಕಟ್ಟು ಒಂದಾದರೂ ವಿಶ್ವವಿದ್ಯಾಲಯದ ವಶದಲ್ಲಿ ಇರುವವರೆಗೆ ಸುರಕ್ಷೆಯ ಮತ್ತು ಹಿಂದಿರುಗಿಸುವ ಖಂಡಿಕೆಗಳು ಜಾರಿಯಲ್ಲಿರುತ್ತವೆ ಎಂಬ ವಾಕ್ಯ ಇದಕ್ಕೆ ಪರಿಹಾರ.

ವಿವಾದದ ಖಂಡಿಕೆಯ ಬಗ್ಗೆ ಒಂದೇ ಮಾತು. "ವಿವಾದ ಉಂಟಾದಲ್ಲಿ ಪಕ್ಷಕಾರರು ಬಯಸಿದರೆ ಮಧ್ಯಸ್ಥಿಕೆಗೆ ಒಪ್ಪಿಸತಕ್ಕದ್ದು" ಎಂಬ ಧಾಟಿಯ ಷರತ್ತು ಮಧ್ಯಸ್ಥಿಕೆಯ ಒಪ್ಪಂದವೇ ಅಲ್ಲ ಎಂದು ಸುಪ್ರೀಂ ಕೋರ್ಟು 2007ರ ಜಗದೀಶ್ ಚಂದರ್ ಪ್ರಕರಣದಲ್ಲಿ ಹೇಳಿದೆ. ಆಗ ಮತ್ತೊಮ್ಮೆ ಒಪ್ಪಿಕೊಂಡರಷ್ಟೇ ಮಧ್ಯಸ್ಥಿಕೆ, ಜಗಳವಾಡುತ್ತಿರುವವರು ಮತ್ತೊಮ್ಮೆ ಒಪ್ಪುವುದು ಅಪರೂಪ. ಬೇಕಿದ್ದರೆ ಕಡ್ಡಾಯವೆಂದು ಬರೆಯಿರಿ, ಬೇಡವಾದರೆ ಆ ಖಂಡಿಕೆಯನ್ನೇ ತೆಗೆದುಹಾಕಿ.

ಉಪನ್ಯಾಸದ ನಂತರ ಒಬ್ಬ ಗ್ರಂಥಪಾಲಕರು, "ಸರ್, ನಮ್ಮಲ್ಲಿ ಈಗಾಗಲೇ ಎರಡು ಪುಟದ ಎಂಒಯುಗೆ ಸಹಿಯಾಗಿದೆ, ಕೆಲಸವೂ ಅರ್ಧ ನಡೆದಿದೆ, ಈಗೇನು ಮಾಡುವುದು?" ಎಂದು ಕೇಳಿದರು. ಹಳೆಯದನ್ನು ರದ್ದುಮಾಡಿ ಹೊಸದನ್ನು ಮಾಡಲು ಹೊರಟರೆ ಎರಡೂ ಕಡೆಯ ಮಂಡಳಿಗಳ ಮುಂದೆ ಎಲ್ಲವೂ ಮೊದಲಿನಿಂದ ಹೋಗಬೇಕು, ಆ ತನಕ ಕೆಲಸ ನಿಲ್ಲುತ್ತದೆ. ಅದಕ್ಕಿಂತ ಹಳೆಯ ಒಡಂಬಡಿಕೆಯ ದಿನಾಂಕವನ್ನು ಉಲ್ಲೇಖಿಸಿ, ಅದೇ ಅಧಿಕಾರಿಗಳ ಸಹಿಯೊಂದಿಗೆ ಒಂದು ಪೂರಕ ಒಪ್ಪಂದ ಮಾಡಿಕೊಳ್ಳಬಹುದು; ಎರಡರ ನಡುವೆ ವಿರೋಧ ಬಂದರೆ ಪೂರಕ ಒಪ್ಪಂದದ ಮಾತೇ ನಡೆಯತಕ್ಕದ್ದು ಎಂಬ ಸಾಲು ಅದರಲ್ಲಿ ಇರಬೇಕು. ಆ ಪೂರಕ ಒಪ್ಪಂದದ ಮೊದಲ ಅನುಬಂಧವಾಗಿ, ಸಹಿ ಮಾಡುವ ದಿನ ಯಾವ ಕಟ್ಟು ಎಲ್ಲಿದೆ, ಅದರಲ್ಲಿ ಎಷ್ಟು ಗರಿಗಳಿವೆ, ಯಾವುದರ ಟಿಫ್ ಕಡತಗಳು ಟ್ರಸ್ಟಿಗೆ ಬಂದಿವೆ, ಯಾವುದರವು ಬರಬೇಕು ಎಂಬ ಪಟ್ಟಿಯನ್ನು ಇಬ್ಬರೂ ಸೇರಿ ತಯಾರಿಸಬೇಕು. ಆ ಪಟ್ಟಿಯನ್ನು ಮಾಡಲು ಕುಳಿತಾಗ ಲೆಕ್ಕ ತಾಳೆಯಾಗದ ಕಟ್ಟುಗಳು ಸಿಕ್ಕರೆ, ಅವನ್ನು "ಪರಿಶೀಲನೆಯಲ್ಲಿದೆ" ಎಂದು ಬೇರೆ ಕಾಲಮಿನಲ್ಲಿ ಬರೆದು, ಎಷ್ಟು ದಿನದೊಳಗೆ ಯಾರು ಪರಿಶೀಲಿಸಿ ವರದಿ ಕೊಡುತ್ತಾರೆ ಎಂದು ಅದರ ಪಕ್ಕದಲ್ಲೇ ನಮೂದಿಸಿ.